ಡೀಲರ್ ಮೀಟ್‌ಗೆ ಕರೆಯುವುದು ಹೇಗೆ: ದಿನ ಹಿಡಿಯುವುದರಿಂದ ಕೊನೆಯ ಫೋನ್‌ವರೆಗೆ

ಹುಬ್ಬಳ್ಳಿಯಲ್ಲಿ ಕೂತು ಪಂಪ್‌ಸೆಟ್ ಮತ್ತು ಪೈಪ್ ವ್ಯಾಪಾರ ನೋಡಿಕೊಳ್ಳುವ ಕೆಲಸ ನನ್ನದು. ಧಾರವಾಡ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೆಳಗಾವಿ ಮತ್ತು ಶಿರಸಿ ಕಡೆಯ ಸುಮಾರು 140 ಅಂಗಡಿಗಳು ನಮ್ಮ ಮಾಲು ಮಾರುತ್ತವೆ. ವರ್ಷಕ್ಕೊಮ್ಮೆ ಇವರನ್ನೆಲ್ಲ ಒಂದೆಡೆ ಸೇರಿಸುವ ಹೊಣೆ ನನ್ನ ಮೇಲಿದೆ.

ನಾನು ಮೊದಲ ಸಲ ಇದನ್ನು ನಡೆಸಿದಾಗ 120 ಅಂಗಡಿಗೆ ಕಾರ್ಡ್ ಹೋಗಿತ್ತು. ಬಂದಿದ್ದು 61. ಹಾಲ್ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು, ಅರ್ಧ ಕುರ್ಚಿ ಖಾಲಿ ಇದ್ದವು. ಆಮೇಲೆ ಬರದವರ ಅಂಗಡಿಗೆ ಹೋಗಿ ಒಬ್ಬೊಬ್ಬರನ್ನೇ ಕೇಳಿದೆ. ಯಾರೂ ಸಿಟ್ಟಿನಿಂದ ತಪ್ಪಿಸಿಕೊಂಡಿರಲಿಲ್ಲ. ಒಬ್ಬರ ಊರಲ್ಲಿ ಅವತ್ತು ಸಂತೆ. ಇನ್ನೊಬ್ಬರಿಗೆ ಜಿಎಸ್‌ಟಿ ಕಟ್ಟುವ ಕೊನೆಯ ದಿನ. ಮೂರನೆಯವರಿಗೆ ಆರು ತಿಂಗಳಿಂದ ಕ್ರೆಡಿಟ್ ನೋಟ್ ಬಂದಿರಲಿಲ್ಲ. "ಅದನ್ನ ಕೊಡ್ರಿ ಮೊದಲ, ಆಮೇಲೆ ಊಟಕ್ಕ ಕರೀರಿ" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಡೀಲರ್ ಒಬ್ಬರು ನಮ್ಮಲ್ಲಿಗೆ ಬರಬೇಕು ಅಂದರೆ ಒಂದು ದಿನದ ವ್ಯಾಪಾರ ಬಿಟ್ಟು ಬರಬೇಕು. ಈ ಮಾತನ್ನು ಮುಂದೆ ಇಟ್ಟುಕೊಂಡರೆ ದಿನ, ಜಾಗ, ಕಾರ್ಯಕ್ರಮ, ಕಾರ್ಡಿನ ಬರಹ ಎಲ್ಲವೂ ತಾನಾಗಿ ದಾರಿಗೆ ಬರುತ್ತವೆ. ನಾನು ಈಗ ಅನುಸರಿಸುವ ಕ್ರಮವನ್ನು ಕೆಳಗೆ ಬರೆದಿದ್ದೇನೆ. ನಿಮ್ಮದು ಬೀಜ, ಗೊಬ್ಬರ, ಬಣ್ಣ, ಸಿಮೆಂಟ್ ಯಾವುದೇ ವ್ಯಾಪಾರ ಇರಲಿ, ಸೀಸನ್ ಮತ್ತು ಊರುಗಳನ್ನು ಬದಲಿಸಿಕೊಂಡರೆ ಸಾಕು.

ಎಂಟು ವಾರ ಮೊದಲು: ದಿನ ಹಿಡಿಯುವುದು

ನಮ್ಮ ಪಂಪ್ ವ್ಯಾಪಾರ ಜೋರಾಗುವುದು ಜನವರಿಯಿಂದ ಮೇವರೆಗೆ. ಬೋರ್‌ವೆಲ್ ನೀರು ಕೆಳಗಿಳಿದಂತೆ ರೈತರು ಅಂಗಡಿಗೆ ಬರುತ್ತಾರೆ. ಸೀಸನ್ ಸ್ಕೀಮ್ ಹೇಳಿ, ಮಾಲು ಬುಕ್ ಮಾಡಿಸಿಕೊಳ್ಳಬೇಕು ಅಂದರೆ ಡಿಸೆಂಬರ್‌ನಲ್ಲೇ ಸೇರಬೇಕು. ಜನವರಿ ಕೊನೆಗೆ ಇಟ್ಟರೆ ಡೀಲರ್ ಆಗಲೇ ಬೇರೆ ಕಂಪನಿಯ ಮಾಲಿಗೆ ದುಡ್ಡು ಹಾಕಿ ಗೋಡೌನ್ ತುಂಬಿಕೊಂಡಿರುತ್ತಾರೆ.

ತಿಂಗಳು ಗೊತ್ತಾದ ಮೇಲೆ ಆಗದ ದಿನಗಳನ್ನು ಮೊದಲು ಹೊಡೆದು ಹಾಕಿ. ನಾನು ಗೋಡೆಯ ಕ್ಯಾಲೆಂಡರ್ ಮತ್ತು ಪಂಚಾಂಗ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕೆಂಪು ಪೆನ್ನಿನಿಂದ ಗುರುತು ಹಾಕುತ್ತೇನೆ.

ಮೊದಲಿಗೆ ತೆರಿಗೆ ದಿನಗಳು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ಸಣ್ಣ ಅಂಗಡಿಯಲ್ಲಿ ಲೆಕ್ಕದ ಕಾಗದ ಹುಡುಕಿ ಕೊಡುವವರೂ ಮಾಲೀಕರೇ ಅಲ್ವಾ? ಆ ದಿನ ಮತ್ತು ಅದರ ಹಿಂದಿನ ದಿನ ಬೇಡ. ಡಿಸೆಂಬರ್ 15ಕ್ಕೆ ಅಡ್ವಾನ್ಸ್ ಟ್ಯಾಕ್ಸ್ ಕಂತು ಕೂಡ ಇರುತ್ತದೆ. ತಿಂಗಳ ಕೊನೆಯ ವಾರ ನಮ್ಮ ಸೇಲ್ಸ್ ಹುಡುಗರೇ ಟಾರ್ಗೆಟ್ ಹಿಂದೆ ಓಡುತ್ತಿರುತ್ತಾರೆ, ಅದೂ ಬೇಡ.

ಆಮೇಲೆ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ ಪೂಜೆ ಇರುತ್ತದೆ, ಅವತ್ತು ದೂರದ ಪ್ರಯಾಣ ಬೇಡ ಅನ್ನುವವರೂ ಇದ್ದಾರೆ. ಡಿಸೆಂಬರ್ ಹೊತ್ತಿಗೆ ಬರುವ ಎಳ್ಳ ಅಮಾವಾಸ್ಯೆಯಂತೂ ಉತ್ತರ ಕರ್ನಾಟಕದಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬ. ಅವತ್ತು ಡೀಲರ್ ಹೊಲದಲ್ಲಿ ಇರುತ್ತಾರೆ, ಅವರ ಗಿರಾಕಿಯೂ ಹೊಲದಲ್ಲಿ ಇರುತ್ತಾನೆ. ಜನವರಿಗೆ ಹೋದರೆ ಸಂಕ್ರಾಂತಿ ಬರುತ್ತದೆ, ಬನದ ಹುಣ್ಣಿಮೆ ಬರುತ್ತದೆ, ಕೊಪ್ಪಳದ ಗವಿಮಠದ ಜಾತ್ರೆ ಬರುತ್ತದೆ. ಜಾತ್ರೆ ಇದ್ದಾಗ ಕೊಪ್ಪಳದವರನ್ನು ಕರೆಯುವುದು ಕರೆಯದೇ ಇದ್ದಂತೆ.

ಮದುವೆ ಸೀಸನ್ ಬಗ್ಗೆ ಒಂದು ಅನುಕೂಲದ ಮಾತು ಇದೆ. ಡಿಸೆಂಬರ್ 16ರ ಆಸುಪಾಸಿಗೆ ಧನುರ್ಮಾಸ ಶುರುವಾಗಿ ಸಂಕ್ರಾಂತಿವರೆಗೆ ಇರುತ್ತದೆ. ಆಗ ಹೆಚ್ಚಿನವರು ಮದುವೆ ಇಟ್ಟುಕೊಳ್ಳುವುದಿಲ್ಲ. ಡೀಲರ್‌ಗೆ ನೆಂಟರ ಮದುವೆಯ ತಾಪತ್ರಯ ಇಲ್ಲ, ಹಾಲ್‌ಗಳೂ ಖಾಲಿ ಇರುತ್ತವೆ, ಬಾಡಿಗೆಯನ್ನೂ ಸ್ವಲ್ಪ ಕೇಳಿ ಇಳಿಸಿಕೊಳ್ಳಬಹುದು. ಆದರೆ ಕ್ರಿಸ್‌ಮಸ್ ದಾಟಿದರೆ ಹೋಟೆಲ್‌ಗಳು ಹೊಸ ವರ್ಷದ ರೇಟ್ ಹೇಳುತ್ತವೆ. ಹೀಗಾಗಿ ನನಗೆ ಸಿಗುವ ಒಳ್ಳೆಯ ಕಿಂಡಿ ಡಿಸೆಂಬರ್ 21ರಿಂದ 23. ಅದರೊಳಗೆ ಎಳ್ಳ ಅಮಾವಾಸ್ಯೆ ಬಿದ್ದರೆ ಮಾತ್ರ 17, 18ಕ್ಕೆ ಸರಿಯುತ್ತೇನೆ.

ಉಳಿದದ್ದು ಸಂತೆ. ರೈತರು ಊರಿಗೆ ಬರುವುದೇ ಸಂತೆ ದಿನ. ಒಂದು ಹಾಳೆಯಲ್ಲಿ ಎಲ್ಲ ಊರಿನ ಹೆಸರು ಬರೆದು, ಪಕ್ಕದಲ್ಲಿ ಸಂತೆಯ ವಾರ ಬರೆಯಿರಿ. ನಿಮ್ಮ ಸೇಲ್ಸ್ ಆಫೀಸರ್‌ಗಳಿಗೆ ಇದು ಬಾಯಲ್ಲೇ ಇರುತ್ತದೆ. ಯಾವ ವಾರ ಅತಿ ಕಡಿಮೆ ಊರು ಸಿಕ್ಕಿಹಾಕಿಕೊಳ್ಳುತ್ತವೋ ಆ ವಾರ ಹಿಡಿಯಿರಿ. ಎಲ್ಲರಿಗೂ ಹೊಂದುವ ದಿನ ಸಿಗುವುದಿಲ್ಲ. ದೊಡ್ಡ ವ್ಯಾಪಾರದ ಐದಾರು ಡೀಲರ್‌ಗಳಿಗೆ ಮೊದಲೇ ಫೋನ್ ಮಾಡಿ "22 ಆಗಬಹುದೇನ್ರಿ?" ಅಂತ ಕೇಳಿ. ಅವರ ಬಾಯಿಂದ ಸುದ್ದಿ ಮಾರ್ಕೆಟ್‌ನಲ್ಲಿ ತಾನೇ ಹರಡುತ್ತದೆ.

ಕರೆಯುವ ಮೊದಲು ತೀರಿಸಬೇಕಾದ ಲೆಕ್ಕ

ಈ ಹಂತವನ್ನು ಬಹಳಷ್ಟು ಕಡೆ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇದೇ ಮುಖ್ಯ.

ಪ್ರತಿ ಅಂಗಡಿಯ ಹೆಸರಿನ ಮುಂದೆ ಮೂರು ವಿಷಯ ಬರೆಯಿಸಿ. ಕಳೆದ ಸ್ಕೀಮ್‌ನ ಕ್ರೆಡಿಟ್ ನೋಟ್ ಹೋಗಿದೆಯಾ? ವಾರಂಟಿಗೆ ಬಂದ ಮೋಟಾರ್ ಏನಾದರೂ ಇನ್ನೂ ಸರ್ವೀಸ್ ಸೆಂಟರ್‌ನಲ್ಲಿ ಕೂತಿದೆಯಾ? ಅವರ ಲೆಡ್ಜರ್‌ಗೂ ನಮ್ಮ ಲೆಡ್ಜರ್‌ಗೂ ತಾಳೆ ಆಗಿದೆಯಾ? ಕಳೆದ ವರ್ಷ ಈ ಪಟ್ಟಿ ಮಾಡಿದಾಗ 140ರಲ್ಲಿ 37 ಅಂಗಡಿಗೆ ಏನಾದರೊಂದು ಬಾಕಿ ನಮ್ಮಿಂದಲೇ ಇತ್ತು. ಕಾರ್ಡ್ ಹೊರಡುವಷ್ಟರಲ್ಲಿ 29 ತೀರಿಸಿದೆವು. ಉಳಿದ ಎಂಟಕ್ಕೆ ಯಾವಾಗ ಆಗುತ್ತದೆ ಎಂದು ತಾರೀಖು ಹಾಕಿ ಪತ್ರ ಕೊಟ್ಟೆವು.

ಇದನ್ನು ಮಾಡದೆ ಕರೆದರೆ ಏನಾಗುತ್ತದೆ ಗೊತ್ತಾ? ವೇದಿಕೆಯಿಂದ "ಯಾರಾದರೂ ಮಾತಾಡ್ತೀರಾ?" ಎಂದು ಮೈಕ್ ಕೆಳಗೆ ಬಂದ ಕೂಡಲೇ ಮೊದಲ ಮಾತು ಹಳೆಯ ಕ್ಲೇಮಿನದ್ದೇ ಆಗಿರುತ್ತದೆ. ಒಬ್ಬರು ಎದ್ದರೆ ಇನ್ನು ಹತ್ತು ಜನ ಏಳುತ್ತಾರೆ. ಹೊಸ ಸ್ಕೀಮ್ ಹೇಳಿದರೂ "ಹಳೇದು ಬಂದಿಲ್ಲ, ಹೊಸದು ಎಲ್ಲಿಂದ ಬರ್ತದ?" ಅನ್ನುವ ಮಾತು ಹಾಲ್ ತುಂಬ ಸುತ್ತುತ್ತದೆ.

ಡೀಲರ್ ಕಡೆಯಿಂದ ನಮಗೆ ದುಡ್ಡು ಬಾಕಿ ಇದ್ದರೆ? ಅವರನ್ನೂ ಕರೆಯಿರಿ. ಕೈಬಿಟ್ಟರೆ ಊರಲ್ಲಿ ಅವರ ಮರ್ಯಾದೆ ಹೋಗುತ್ತದೆ, ಆಮೇಲೆ ಆ ದುಡ್ಡು ಬರುವುದು ಇನ್ನೂ ಕಷ್ಟ. ಆದರೆ ಎರಡು ನಿಯಮ ಇಟ್ಟುಕೊಳ್ಳಿ. ವಸೂಲಿಗೆ ಹೋದ ದಿನ ಆಮಂತ್ರಣ ಕೊಡಬಾರದು. ಮೀಟ್‌ಗೆ ಬಂದ ದಿನ ಬಾಕಿ ಕೇಳಬಾರದು.

ಯಾರ ಹೆಸರಿಗೆ ಕಾರ್ಡ್?

ಹೆಸರಿನ ಪಟ್ಟಿಯನ್ನು ಕಂಪ್ಯೂಟರ್‌ನ ಬಿಲ್ಲಿಂಗ್ ಪಟ್ಟಿಯಿಂದ ಹಾಗೇ ಎತ್ತಬೇಡಿ. ಅದರಲ್ಲಿ ಜಿಎಸ್‌ಟಿ ಯಾರ ಹೆಸರಲ್ಲಿದೆಯೋ ಅವರ ಹೆಸರು ಇರುತ್ತದೆ. ಅದು ಮನೆಯಾಕೆಯ ಹೆಸರಿರಬಹುದು, ತೀರಿಕೊಂಡ ತಂದೆಯ ಹೆಸರೂ ಇರಬಹುದು. ತೀರಿಕೊಂಡವರ ಹೆಸರಿಗೆ ಕಾರ್ಡ್ ಹೋದರೆ ಮನೆಯವರಿಗೆ ಎಷ್ಟು ನೋವಾಗುತ್ತದೆ ಎಂದು ನಾನು ಒಮ್ಮೆ ಎದುರು ನಿಂತು ನೋಡಿದ್ದೇನೆ. ಅವತ್ತಿನಿಂದ ಪ್ರತಿ ಹೆಸರನ್ನೂ ಆ ಏರಿಯಾದ ಹುಡುಗ ಓದಿ ಸಹಿ ಮಾಡಿದ ಮೇಲೆಯೇ ಅಚ್ಚಿಗೆ ಕಳಿಸುತ್ತೇನೆ.

ಅಣ್ಣ ತಮ್ಮ ಕೂಡಿ ನಡೆಸುವ ಅಂಗಡಿಯಾದರೆ ಇಬ್ಬರ ಹೆಸರೂ ಇರಲಿ, ದೊಡ್ಡವರದ್ದು ಮೊದಲು. ಹಿರಿಯ ಸಾವ್ಕಾರ್ರು ಈಗ ಗಲ್ಲೆಯ ಮೇಲೆ ಕೂರುತ್ತಾರೆ ಅಷ್ಟೇ, ಯಾವ ಮಾಲು ತರಿಸಬೇಕು ಅಂತ ನೋಡುವುದು ಮಗ ಅನ್ನುವ ಅಂಗಡಿ ಬಹಳ ಇವೆ. ಅಲ್ಲಿ ತಂದೆಯ ಹೆಸರು ಹಾಕಿ, ಮಗನಿಗೆ ಬೇರೆಯಾಗಿ ಫೋನ್ ಮಾಡಿ. ಒಂದು ಅಂಗಡಿಯಿಂದ ಎಷ್ಟು ಜನ ಎಂದು ಕಾರ್ಡ್‌ನಲ್ಲೇ ಇರಲಿ. ನಾವು ಇಬ್ಬರು ಎಂದು ಬರೆಯುತ್ತೇವೆ. ಬರೆಯದಿದ್ದರೆ ಕೆಲವರು ಒಬ್ಬರೇ ಬರುತ್ತಾರೆ, ಕೆಲವರು ಗಾಡಿ ತುಂಬ ಬರುತ್ತಾರೆ.

ಸಬ್ ಡೀಲರ್‌ಗಳನ್ನು ನೇರವಾಗಿ ಕರೆಯಬೇಡಿ. ಅವರಿಗೆ ಮಾಲು ಕೊಡುವ ಡಿಸ್ಟ್ರಿಬ್ಯೂಟರ್ ಕೈಯಿಂದಲೇ ಕಾರ್ಡ್ ಹೋಗಲಿ. ಇಲ್ಲದಿದ್ದರೆ "ಕಂಪನಿ ನನ್ನನ್ನ ದಾಟಿ ಹೊಂಟೈತಿ" ಎಂದು ಡಿಸ್ಟ್ರಿಬ್ಯೂಟರ್‌ಗೆ ಅನುಮಾನ ಬರುತ್ತದೆ.

ಜಾಗ

ನಮ್ಮ ಡೀಲರ್‌ಗಳಲ್ಲಿ ಗದಗದವರಿಗೆ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಹಾವೇರಿಯವರಿಗೆ 75ರಷ್ಟು, ಬೆಳಗಾವಿ ಮತ್ತು ಶಿರಸಿಯವರಿಗೆ 100ರ ಹತ್ತಿರ. ಕೊಪ್ಪಳ, ಬಾಗಲಕೋಟೆ ಅದಕ್ಕಿಂತ ದೂರ. ಬಹಳ ಜನ ಸ್ವಂತ ಕಾರಿನಲ್ಲಿ, ಒಂದೇ ಊರಿನ ಮೂರ್ನಾಲ್ಕು ಅಂಗಡಿಯವರು ಸೇರಿ ಬರುತ್ತಾರೆ. ಆದ್ದರಿಂದ ನನಗೆ ಬೇಕಾಗಿದ್ದು ಪೇಟೆಯ ಒಳಗಿನ ಚಂದದ ಹೋಟೆಲ್ ಅಲ್ಲ. ಹೆದ್ದಾರಿಯಿಂದ ಸುಲಭವಾಗಿ ಸಿಗುವ, 60 ಕಾರು ನಿಲ್ಲುವ ಜಾಗ. ಪಾರ್ಕಿಂಗ್ ಅನ್ನು ಹೋಟೆಲ್‌ನವರ ಮಾತಿನ ಮೇಲೆ ನಂಬಬೇಡಿ, ಹೋಗಿ ಹೆಜ್ಜೆ ಹಾಕಿ ಎಣಿಸಿ.

ಹಾಲ್‌ನ ಅಳತೆಯಲ್ಲಿ ಒಂದು ಮೋಸಹೋಗುವ ಜಾಗ ಇದೆ. "200 ಜನ ಹಿಡೀತಾರೆ" ಅಂತ ಹೇಳುವುದು ಸಾಲಾಗಿ ಬರೀ ಕುರ್ಚಿ ಹಾಕಿದಾಗಿನ ಲೆಕ್ಕ. ರೌಂಡ್ ಟೇಬಲ್ ಹಾಕಿದರೆ ಅದೇ ಹಾಲ್‌ನಲ್ಲಿ ಮೂರನೇ ಒಂದು ಭಾಗದಷ್ಟು ಜನ ಕಡಿಮೆಯಾಗುತ್ತಾರೆ. ಪಂಪ್ ಇಡುವ ಮೇಜು, ಲೆಕ್ಕದ ಕೌಂಟರ್, ವೇದಿಕೆ ಇವೆಲ್ಲ ಇನ್ನಷ್ಟು ಜಾಗ ತಿನ್ನುತ್ತವೆ. ಸಾಲು ಕುರ್ಚಿಗೆ ತಲೆಗೆ 10 ಚದರ ಅಡಿ, ರೌಂಡ್ ಟೇಬಲ್‌ಗೆ 15 ಎಂದು ಹಿಡಿದು, ವೇದಿಕೆಯ ಜಾಗ ಬೇರೆ ಕಳೆಯಿರಿ. ನಾನು ರೌಂಡ್ ಟೇಬಲ್ಲೇ ಇಡಿಸುತ್ತೇನೆ. ಒಂದು ಟೇಬಲ್‌ಗೆ ಎಂಟು ಜನ ಕೂತು ಮಾತಾಡಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಒಂದೇ ಊರಿನ ಎದುರು ಬದುರು ಅಂಗಡಿಯವರನ್ನು ಮಾತ್ರ ಒಂದೇ ಟೇಬಲ್‌ಗೆ ಹಾಕಬೇಡಿ.

ಮುಂಗಡ ಕೊಡುವ ಮೊದಲು ಹೋಟೆಲ್‌ನಿಂದ ನಾಲ್ಕು ಮಾತು ಬರೆಸಿಕೊಳ್ಳಿ. ಗ್ಯಾರಂಟಿ ಪ್ಲೇಟ್ ಎಷ್ಟು, ಅದನ್ನು ಕೊನೆಯದಾಗಿ ಯಾವತ್ತು ಹೇಳಬೇಕು, ಅದಕ್ಕಿಂತ ಜಾಸ್ತಿ ಜನ ಬಂದರೆ ಎಷ್ಟರವರೆಗೆ ಬಡಿಸುತ್ತಾರೆ, ಬಂದ್ ಇಲ್ಲವೇ ಮಳೆಯಿಂದ ದಿನ ಮುಂದೆ ಹೋದರೆ ಮುಂಗಡ ಉಳಿಯುತ್ತದಾ ಎಂಬುದು. ಅಡುಗೆಯ ಬಗ್ಗೆಯೂ ನೇರವಾಗಿ ಕೇಳಿ. ನಮ್ಮ ಭಾಗದಲ್ಲಿ ಲಿಂಗಾಯತ ಮತ್ತು ಜೈನ ಡೀಲರ್‌ಗಳು ಹೆಚ್ಚು. ಮಾಂಸದ ಅಡುಗೆ ಪಕ್ಕದ ಮೇಜಿನಲ್ಲೇ ಇದ್ದರೆ ಊಟ ಮಾಡದೆ ಎದ್ದು ಹೋಗುವವರಿದ್ದಾರೆ. ನಾವು ಪೂರ್ತಿ ಸಸ್ಯಾಹಾರಿ ಇಡುತ್ತೇವೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಒಂದು ಸಣ್ಣ ಕೌಂಟರ್ ಬೇರೆ ಇರುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಇದ್ದರೆ ಪನ್ನೀರ್ ಯಾರೂ ಕೇಳುವುದಿಲ್ಲ.

ಕಾರ್ಯಕ್ರಮ: ಮನೆಗೆ ಬೆಳಕಿರುವಾಗ ತಲುಪಬೇಕು

ಮೊದಲು ನಾವು ಸಂಜೆ ಇಟ್ಟು ರಾತ್ರಿ ಊಟ ಹಾಕುತ್ತಿದ್ದೆವು. 100 ಕಿಲೋಮೀಟರ್ ದೂರದವರು ಹನ್ನೊಂದು ಗಂಟೆಗೆ ಹೆದ್ದಾರಿ ಹಿಡಿಯಬೇಕಾಗುತ್ತಿತ್ತು. ಈಗ ಹಗಲು ಮೀಟ್. ಕಳೆದ ಸಲದ ವೇಳೆ ಹೀಗಿತ್ತು:

9:30 ತಿಂಡಿ, ಹೆಸರು ನೋಂದಣಿ
10:45 ಸಭೆ ಶುರು, ಎಂ.ಡಿ. ಮಾತು
11:10 ಹೊಸ ಪಂಪ್‌ಗಳು, ಬಿಚ್ಚಿಟ್ಟ ಮೋಟಾರ್ ನೋಡುವುದು
12:15 ಸೀಸನ್ ಸ್ಕೀಮ್
1:00 ಊಟ
2:00 ಬುಕಿಂಗ್, ಲೆಕ್ಕದ ಕೌಂಟರ್, ಡೀಲರ್‌ಗಳ ಮಾತು
3:15 ಸನ್ಮಾನ
3:45 ಚಹಾ, ಮುಕ್ತಾಯ

ಸ್ಕೀಮ್ ಅನ್ನು ಊಟಕ್ಕೆ ಮೊದಲು ಇಡಬೇಕಾ, ನಂತರ ಇಡಬೇಕಾ ಎಂದು ಪ್ರತಿ ವರ್ಷ ನಮ್ಮಲ್ಲಿ ವಾದ ಆಗುತ್ತದೆ. ನಂತರ ಇಟ್ಟರೆ ಎಲ್ಲರೂ ಕೊನೆವರೆಗೆ ಕೂರುತ್ತಾರೆ ಅನ್ನುವುದು ಒಂದು ಕಡೆಯ ಮಾತು. ನನಗೆ ಅದು ಒಪ್ಪಿಗೆಯಿಲ್ಲ. ಊಟಕ್ಕೆ ಮುಂಚೆ ಹೇಳಿದರೆ ಊಟದ ತಟ್ಟೆ ಹಿಡಿದುಕೊಂಡೇ "ನೀ ಎಷ್ಟು ಬುಕ್ ಮಾಡ್ತಿ?" ಎಂದು ತಮ್ಮ ತಮ್ಮಲ್ಲೇ ಲೆಕ್ಕ ಹಾಕುತ್ತಾರೆ. ಎರಡು ಗಂಟೆಗೆ ಕೌಂಟರ್‌ಗೆ ಬರುವಾಗ ತೀರ್ಮಾನ ಆಗಿರುತ್ತದೆ. ಜನರನ್ನು ಊಟದ ನಂತರ ಹಿಡಿದಿಡುವುದು ಲೆಕ್ಕದ ಕೌಂಟರ್. ಪ್ರತಿ ಅಂಗಡಿಯ ಲೆಡ್ಜರ್ ಪ್ರತಿ, ಸ್ಕೀಮ್ ಲೆಕ್ಕ, ಕ್ರೆಡಿಟ್ ನೋಟ್ ಒಂದು ಕವರ್‌ನಲ್ಲಿ ಹಾಕಿ, ಊರಿನ ಪ್ರಕಾರ ಜೋಡಿಸಿ ಇಟ್ಟಿರುತ್ತೇವೆ. ತಮ್ಮ ಹೆಸರಿನ ಕವರ್ ಬಿಟ್ಟು ಯಾರೂ ಹೋಗುವುದಿಲ್ಲ.

ಇಲ್ಲಿ ತೆರಿಗೆಯ ಒಂದು ವಿಷಯ ಗೊತ್ತಿರಬೇಕು, ಕಾರ್ಡಿನ ಬರಹಕ್ಕೂ ಇದು ತಾಗುತ್ತದೆ. 2022ರ ಜುಲೈ 1ರಿಂದ ಆದಾಯ ತೆರಿಗೆಯಲ್ಲಿ 194ಆರ್ ಎಂಬ ಸೆಕ್ಷನ್ ಬಂತು. ವ್ಯಾಪಾರದ ಕಾರಣಕ್ಕೆ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿ ಉಡುಗೊರೆ ಅಥವಾ ಅನುಕೂಲ ಕೊಟ್ಟರೆ ಕೊಡುವವರು 10% ಟಿಡಿಎಸ್ ಕಟ್ಟಬೇಕು. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆ ಬದಲಾಗಿರುವುದರಿಂದ ಈಗಿನ ಸಂಖ್ಯೆಯನ್ನು ಆಡಿಟರ್ ಹತ್ತಿರ ಕೇಳಿಕೊಳ್ಳಿ. ಆಗ ಇಲಾಖೆ ಕೊಟ್ಟ ವಿವರಣೆಯ ಪ್ರಕಾರ, ಹೊಸ ಮಾಲಿನ ಪರಿಚಯ, ಮಾರಾಟದ ತರಬೇತಿ, ಆರ್ಡರ್, ಲೆಕ್ಕದ ತಾಳೆ ಇಂಥ ಕೆಲಸವೇ ಮುಖ್ಯವಾಗಿರುವ ಡೀಲರ್ ಸಭೆಯ ಖರ್ಚು ಇದರೊಳಗೆ ಬರುವುದಿಲ್ಲ. ಟಾರ್ಗೆಟ್ ಮುಟ್ಟಿದವರಿಗೆ ಬಹುಮಾನವಾಗಿ ಮಾಡುವ ಸಭೆ, ಜೊತೆಗೆ ಸೇರಿಸಿದ ಪ್ರವಾಸ, ಮನೆಯವರ ಖರ್ಚು, ಸಭೆಯ ಹಿಂದಿನ ಮತ್ತು ಮರುದಿನ ಬಿಟ್ಟು ಹೆಚ್ಚಿಗೆ ಉಳಿದ ದಿನಗಳ ಖರ್ಚು ಮಾತ್ರ ಬರುತ್ತದೆ. ಹಾಗಾಗಿ "ಕುಟುಂಬ ಸಮೇತ ಬನ್ನಿ" ಎಂದು ಸುಮ್ನೆ ಅಚ್ಚು ಹಾಕಿಸಬೇಡಿ. ಮುದ್ರಿಸಿದ ಕಾರ್ಯಕ್ರಮ, ಹಾಜರಿ ಸಹಿ, ಫೋಟೋ ಇವನ್ನು ಲೆಕ್ಕದ ಫೈಲ್‌ಗೆ ಹಾಕಿಡಿ.

ಆಮಂತ್ರಣ: ಮೊದಲು ವಾಟ್ಸಾಪ್, ಆಮೇಲೆ ಕೈಯಲ್ಲಿ ಕಾರ್ಡ್

ಐದು ವಾರ ಮೊದಲು ದಿನ ಮಾತ್ರ ತಿಳಿಸುವ ಚಿಕ್ಕ ಸಂದೇಶ ಹೋಗಲಿ:

"ನಮಸ್ಕಾರ ಸರ್. ಈ ವರ್ಷದ ಡೀಲರ್ ಮೀಟ್ ಡಿಸೆಂಬರ್ 22, ಸೋಮವಾರ, ಹುಬ್ಬಳ್ಳಿಯಲ್ಲಿ. ಹಗಲು ಕಾರ್ಯಕ್ರಮ, ಸಂಜೆ 4ಕ್ಕೆ ಮುಗಿಯುತ್ತದೆ. ದಯವಿಟ್ಟು ಆ ದಿನ ನಮಗಾಗಿ ಇಟ್ಟುಕೊಳ್ಳಿ. ಕಾರ್ಡ್ ಕೊಡಲು ನಾವೇ ಬರುತ್ತೇವೆ."

ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ ಕಳಿಸುವುದಾದರೆ ಒಂದು ಎಚ್ಚರ. ನಿಮ್ಮ ನಂಬರ್ ಯಾರ ಫೋನ್‌ನಲ್ಲಿ ಸೇವ್ ಆಗಿದೆಯೋ ಅವರಿಗೆ ಮಾತ್ರ ಅದು ತಲುಪುತ್ತದೆ. ಆಫೀಸ್‌ನ ಹೊಸ ನಂಬರ್‌ನಿಂದ ಕಳಿಸಿದರೆ ಅರ್ಧ ಜನಕ್ಕೆ ಹೋಗಿರುವುದಿಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ. ಸಂದೇಶದ ಮಾಹಿತಿ ತೆರೆದು ಎರಡು ಟಿಕ್ ಯಾರಿಗೆ ಬಂದಿಲ್ಲ ಎಂದು ನೋಡಿ, ಅವರಿಗೆ ಸೇಲ್ಸ್ ಹುಡುಗನ ಫೋನ್‌ನಿಂದ ಬೇರೆ ಕಳಿಸಿ. ಗ್ರೂಪ್ ಮಾಡಿ ಹಾಕಬೇಡಿ. ಒಬ್ಬರು "ನಾನು ಬರಲ್ಲ" ಎಂದು ಬರೆದರೆ ಎಲ್ಲರೂ ಓದುತ್ತಾರೆ.

ಮೂರು ವಾರ ಮೊದಲು ಕಾರ್ಡ್ ಕೈಗೆ ತಲುಪಬೇಕು. ಸೇಲ್ಸ್ ಆಫೀಸರ್ ಅಂಗಡಿಗೆ ಹೋಗಿ, ಹಿರಿಯರ ಕೈಗೆ ಕೊಟ್ಟು, ಎರಡು ನಿಮಿಷ ಕೂತು ಬರಬೇಕು. ಗಿರಾಕಿ ಇದ್ದಾಗ ಕೌಂಟರ್ ಮೇಲಿಟ್ಟು ಬಂದ ಕಾರ್ಡ್ ಬಿಲ್ ಪುಸ್ತಕದ ಕೆಳಗೆ ಸೇರುತ್ತದೆ. ದೊಡ್ಡ ಇಪ್ಪತ್ತು ಡೀಲರ್‌ಗಳಿಗೆ ನಾನೇ ಹೋಗುತ್ತೇನೆ.

ಕಾರ್ಡಿನ ಬರಹ ಇಷ್ಟೇ ಸಾಕು:

"ಶ್ರೀ ________ ಮತ್ತು ಶ್ರೀ ________ ಅವರಿಗೆ,
ಮೆ. ________, ಹಾನಗಲ್

ಸಪ್ರೇಮ ನಮಸ್ಕಾರಗಳು.

ನಮ್ಮ ವಾರ್ಷಿಕ ಡೀಲರ್ ಸಭೆಯನ್ನು ಡಿಸೆಂಬರ್ 22, ಸೋಮವಾರ ಬೆಳಗ್ಗೆ 9:30ರಿಂದ ಸಂಜೆ 4ರವರೆಗೆ ಹುಬ್ಬಳ್ಳಿಯ ________ ಹಾಲ್‌ನಲ್ಲಿ ಇಟ್ಟುಕೊಂಡಿದ್ದೇವೆ. ಬರುವ ಸೀಸನ್‌ನ ಸ್ಕೀಮ್ ಅಂದು ತಿಳಿಸುತ್ತೇವೆ. ಹೊಸ ಸಬ್‌ಮರ್ಸಿಬಲ್ ಪಂಪ್‌ಗಳನ್ನು ಬಿಚ್ಚಿ ತೋರಿಸುತ್ತೇವೆ. ನಿಮ್ಮ ಅಂಗಡಿಯ ಈ ವರ್ಷದ ಲೆಕ್ಕದ ಕವರ್ ಅಲ್ಲೇ ಸಿದ್ಧವಿರುತ್ತದೆ.

ನಿಮ್ಮ ಅಂಗಡಿಯಿಂದ ಇಬ್ಬರು ಬರಬೇಕೆಂದು ಕೋರುತ್ತೇವೆ. ತಿಂಡಿ, ಊಟದ ವ್ಯವಸ್ಥೆ ಇದೆ. ದೂರದಿಂದ ಬರುವವರಿಗೆ ಹಿಂದಿನ ರಾತ್ರಿ ತಂಗಲು ಕೋಣೆ ಇದೆ, ಡಿಸೆಂಬರ್ 12ರೊಳಗೆ ತಿಳಿಸಿ.

ನಿಮ್ಮನ್ನು ವಿಚಾರಿಸಲು ನಮ್ಮ ________ ಅವರು ಫೋನ್ ಮಾಡುತ್ತಾರೆ. ಅವರ ನಂಬರ್: ________"

ದೊಡ್ಡ ದೊಡ್ಡ ಮಾತು ಬೇಡ. ಸ್ಕೀಮ್ ಯಾವತ್ತು ಗೊತ್ತಾಗುತ್ತದೆ, ನನ್ನ ಲೆಕ್ಕ ಸಿಗುತ್ತದಾ, ಎಷ್ಟು ಗಂಟೆಗೆ ಬಿಡುತ್ತಾರೆ. ಡೀಲರ್ ಕಾರ್ಡ್‌ನಲ್ಲಿ ಹುಡುಕುವುದು ಈ ಮೂರನ್ನೇ. ಹಾಲ್‌ಗೆ ದಾರಿಯನ್ನು ಮ್ಯಾಪ್ ಲಿಂಕ್‌ನ ಜೊತೆಗೆ ಬಾಯಿ ಮಾತಿನಂತೆಯೂ ಹಿಂಬದಿಯಲ್ಲಿ ಬರೆಸಿ: "ಗದಗ ಕಡೆಯಿಂದ ಬರುವವರು ಇಲ್ಲಿ ಎಡಕ್ಕೆ ತಿರುಗಿ" ಅನ್ನುವ ಹಾಗೆ.

ಒಪ್ಪಿಗೆ ಪಡೆಯುವುದು

"ಬರ್ತೀರಾ?" ಎಂದು ಕೇಳಿದರೆ ಎಲ್ಲರೂ "ಬರ್ತೀನ್ರಿ" ಅನ್ನುತ್ತಾರೆ. ಮುಖಕ್ಕೆ ಇಲ್ಲ ಅನ್ನುವುದು ನಮ್ಮಲ್ಲಿ ಇಲ್ಲ. ಆ ಮಾತನ್ನು ನಂಬಿ ಪ್ಲೇಟ್ ಹೇಳಿದ್ದೇ ನಮ್ಮ ಮೊದಲ ವರ್ಷದ ನಷ್ಟಕ್ಕೆ ಕಾರಣ. ಈಗ ನಮ್ಮ ಹುಡುಗರಿಗೆ ಬರುವುದನ್ನೇ ಕೇಳಬೇಡಿ, ಬರುವುದರ ಸುತ್ತಲಿನದ್ದು ಕೇಳಿ ಎಂದು ಹೇಳಿಕೊಟ್ಟಿದ್ದೇನೆ.

"ಸಾವ್ಕಾರ್ರ, ಯಾರ ಗಾಡಿಯೊಳಗ ಬರ್ತೀರಿ?"
"ನಮ್ಮ ಗಾಡೀನ ತರ್ತೀನಿ. ಪಾಟೀಲರೂ ಬರ್ತಾರ ಜೊತಿಗೆ."
"ಅಂಗಡಿ ಯಾರು ನೋಡ್ಕೋತಾರ್ರಿ ಅವತ್ತ?"
"ತಮ್ಮ ಇರ್ತಾನ."

ಇದು ಪಕ್ಕಾ. ಗಾಡಿ ಗೊತ್ತು, ಅಂಗಡಿಗೆ ಆಳು ಗೊತ್ತು. ಇದರ ಬದಲು "ನೋಡೂಣು, ಅವತ್ತಿಂದ ಅವತ್ತ ಹೇಳ್ತೀನಿ" ಅಂದರೆ ಅನುಮಾನ. "ಟ್ರೈ ಮಾಡ್ತೀನಿ" ಅಂದರೆ ಹೆಚ್ಚಾಗಿ ಬರುವುದಿಲ್ಲ. ಬರುವುದಿಲ್ಲ ಎಂದು ಸಾಫ್ ಹೇಳಿದವರನ್ನು ಒತ್ತಾಯ ಮಾಡಬೇಡಿ. ಅವರ ಮಗನನ್ನೋ ಕೌಂಟರ್ ನೋಡುವವರನ್ನೋ ಕಳಿಸಲು ಕೇಳಿ.

ಎಲ್ಲವನ್ನೂ ಒಂದೇ ಎಕ್ಸೆಲ್ ಹಾಳೆಯಲ್ಲಿ ಬರೆಯಿರಿ: ಅಂಗಡಿ, ಊರು, ಯಾರು ಬರುತ್ತಾರೆ, ಎಷ್ಟು ಜನ, ಗಾಡಿ, ಉತ್ತರ, ತಂಗುವುದು, ಯಾರು ಯಾವತ್ತು ಕೇಳಿದ್ದು. ಉತ್ತರದ ಕಾಲಂನಲ್ಲಿ P, D, N ಮೂರೇ ಅಕ್ಷರ. ಪಕ್ಕಾ, ಡೌಟ್, ಇಲ್ಲ. ಪಕ್ಕಾ ಆದವರ ತಲೆಯ ಲೆಕ್ಕ ತಾನೇ ಬರಲು:

```
=SUMIF(F2:F141,"P",D2:D141)
```

ಅಂಗಡಿ ಎಣಿಕೆ ಬೇರೆ, ತಲೆ ಎಣಿಕೆ ಬೇರೆ. ಹೋಟೆಲ್‌ಗೆ ಹೇಳಬೇಕಾದ್ದು ತಲೆ ಎಣಿಕೆ.

ಕಳೆದ ವರ್ಷ ಹತ್ತು ದಿನ ಮೊದಲು ಮೊದಲ ಸುತ್ತಿನ ಫೋನ್ ಮುಗಿದಾಗ 82 ಅಂಗಡಿ ಪಕ್ಕಾ, 37 ಡೌಟ್, 21 ಇಲ್ಲ. ಆ 37 ಅಂಗಡಿಗೆ ಸೇಲ್ಸ್ ಹುಡುಗರ ಬದಲು ಏರಿಯಾ ಮ್ಯಾನೇಜರ್ ಮತ್ತು ನಾನು ಹಂಚಿಕೊಂಡು ಫೋನ್ ಮಾಡಿದೆವು. ಅದರಲ್ಲಿ ಹನ್ನೊಂದು ಅಂಗಡಿಯವರಿಗೆ ಬರಲು ಮನಸ್ಸಿತ್ತು, ಗಾಡಿ ಇರಲಿಲ್ಲ. ಪಕ್ಕದ ಊರಿನ ಪಕ್ಕಾ ಗಾಡಿಗಳಿಗೆ ಅವರನ್ನು ಸೇರಿಸಿದೆವು, ಬಾಗಲಕೋಟೆ ಕಡೆಗೆ ಒಂದು ಟೆಂಪೋ ಟ್ರಾವೆಲರ್ ಕಳಿಸಿದೆವು. ಗಾಡಿಯ ಕಾಲಂ ಇರದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ನಾಲ್ಕು ದಿನ ಮೊದಲು ಲೆಕ್ಕ ಹೀಗಿತ್ತು: 101 ಅಂಗಡಿ ಪಕ್ಕಾ, ಅಂದರೆ 143 ಜನ. ಡೌಟ್ 6 ಅಂಗಡಿ, 8 ಜನ. ಇಲ್ಲ 33. ನಮ್ಮ ಅನುಭವದಲ್ಲಿ ಪಕ್ಕಾ ಅಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಬರುತ್ತಾರೆ, ಡೌಟ್‌ನಲ್ಲಿ ಅರ್ಧ. ಹಾಗಾದರೆ 129 ಮತ್ತು 4, ನಮ್ಮ ಸಿಬ್ಬಂದಿ 16, ಒಟ್ಟು 149. ಹೋಟೆಲ್‌ಗೆ 145 ಗ್ಯಾರಂಟಿ ಹೇಳಿ, 160ರವರೆಗೆ ಸಿದ್ಧವಿರಲು ಬರೆದುಕೊಟ್ಟೆ. ಊಟಕ್ಕೆ ಕೂತವರು 150. ಗ್ಯಾರಂಟಿಯನ್ನು ಅಂದಾಜಿಗಿಂತ ಸ್ವಲ್ಪ ಕೆಳಗೆ ಇಡಿ. ಹೆಚ್ಚಾದ ಪ್ಲೇಟ್‌ಗೆ ದುಡ್ಡು ಕೊಡುವುದು ಸುಲಭ, ಉಳಿದ ಪ್ಲೇಟ್‌ನ ದುಡ್ಡು ವಾಪಸ್ ಬರುವುದಿಲ್ಲ. ನಿಮ್ಮದು ಮೊದಲ ವರ್ಷವಾದರೆ ಹತ್ತಕ್ಕೆ ಒಂಬತ್ತು ಎಂದು ಹಿಡಿಯಬೇಡಿ, ಎಂಟು ಹಿಡಿಯಿರಿ.

ಹಿಂದಿನ ದಿನ ಮತ್ತು ಅಂದಿನ ಬೆಳಗ್ಗೆ

ಹಿಂದಿನ ಸಂಜೆ ಐದು ಗಂಟೆಗೆ, ಅಂಗಡಿಯಲ್ಲಿ ಸ್ವಲ್ಪ ಬಿಡುವಿರುವ ಹೊತ್ತಿಗೆ, ಪಕ್ಕಾ ಅಂದವರಿಗೆ ಸಂದೇಶ ಹೋಗಲಿ:

"ಸರ್, ನಾಳೆ ಬೆಳಗ್ಗೆ 9:30ಕ್ಕೆ ತಿಂಡಿಗೆ ಕಾಯುತ್ತಿರುತ್ತೇವೆ. ಹಾಲ್‌ನ ಲೊಕೇಶನ್ ಕೆಳಗಿದೆ. ದಾರಿಯಲ್ಲಿ ಏನೇ ಬೇಕಿದ್ದರೂ ಈ ನಂಬರ್‌ಗೆ ಫೋನ್ ಮಾಡಿ. ನಿಮ್ಮ ಲೆಕ್ಕದ ಕವರ್ ಸಿದ್ಧವಾಗಿದೆ."

ಬೆಳಗ್ಗೆ ಏಳಕ್ಕೆ ಊರಿಗೊಬ್ಬರಂತೆ ಗಾಡಿ ತರುವವರಿಗೆ ಮಾತ್ರ ಫೋನ್ ಮಾಡಿ. ಎಲ್ಲರಿಗೂ ಬೇಡ. ಒಂದು ಗಾಡಿ ಹೊರಟರೆ ನಾಲ್ಕು ಅಂಗಡಿ ಹೊರಟ ಹಾಗೆ. ಯಾರ ಮನೆಯಲ್ಲಾದರೂ ಸಾವು ಸೂತಕ ಆಗಿದ್ದರೆ ಆ ಸುದ್ದಿಯೂ ಇವರಿಂದಲೇ ಸಿಗುತ್ತದೆ. ಅಂಥವರಿಗೆ ಅವತ್ತು ಮೀಟ್ ಬಗ್ಗೆ ಯಾರೂ ಫೋನ್ ಮಾಡದಂತೆ ಹುಡುಗರಿಗೆ ತಿಳಿಸಿ.

ಬಾಗಿಲಲ್ಲಿ ಹೆಸರು ಬರೆದುಕೊಳ್ಳಲು ಆ ಏರಿಯಾದ ಸೇಲ್ಸ್ ಹುಡುಗನನ್ನೇ ನಿಲ್ಲಿಸಿ. ಬಾಡಿಗೆಗೆ ಕರೆಸಿದವರು "ನಿಮ್ಮ ಹೆಸರೇನು ಸರ್?" ಅನ್ನುತ್ತಾರೆ. ಹುಡುಗ "ಬರ್ರಿ ಸಾವ್ಕಾರ್ರ, ತಿಂಡಿ ಬಿಸಿ ಐತಿ" ಅನ್ನುತ್ತಾನೆ.

ಬರದವರ ಕವರ್‌ಗಳು ಸಂಜೆ ಕೌಂಟರ್‌ನಲ್ಲಿ ಉಳಿದಿರುತ್ತವೆ. ಕಳೆದ ಸಲ ನಲವತ್ತೊಂದು ಉಳಿದವು. ಅವನ್ನು ಆಫೀಸ್‌ಗೆ ತರಬೇಡಿ. ಸ್ಕೀಮ್ ಹಾಳೆ ಸೇರಿಸಿ, ಅವತ್ತೇ ಏರಿಯಾ ಹುಡುಗರ ಬ್ಯಾಗ್‌ಗೆ ಹಾಕಿ ಕಳಿಸಿ. ಅವತ್ತಿನ ಬುಕಿಂಗ್ ರಿಯಾಯಿತಿಯನ್ನು ಇವರಿಗೆ ಇನ್ನು ಮೂರು ದಿನ ಇಡುತ್ತೇವೆ. ನಾಲ್ಕನೇ ದಿನ ಕೊಟ್ಟರೆ ಬಂದವರಿಗೆ ಅನ್ಯಾಯವಾಗುತ್ತದೆ.